ಸರಾಸರಿ ಸಂಬಳ ಯಾರದ್ದು?

ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸುದ್ದಿಗೆ ಸಿಗೋದು ಹೆಚ್ಚೆಂದರೆ ಹತ್ತು ಪದ. ಆ ಹತ್ತು ಪದಗಳಲ್ಲಿ ಅತಿ ಹೆಚ್ಚು ಬಾರಿ ಬಂದುಹೋಗುವ ಪದ ಯಾವುದು ಅಂತ ಕೇಳಿದರೆ, ನನ್ನ ಉತ್ತರ 'ಸರಾಸರಿ'. ಸರಾಸರಿ ಮಳೆ, ಸರಾಸರಿ ರನ್ ರೇಟ್, ಸರಾಸರಿ ಸಂಬಳ. ಮಳೆಯ ಸರಾಸರಿ ಬಗ್ಗೆ ಯಾರೂ ತಕರಾರು ತೆಗೆಯಲ್ಲ. ಆದರೆ ಸಂಬಳದ ಸರಾಸರಿ ಹೇಳಿದ ದಿನ ಸ್ಟುಡಿಯೋಗೆ ಸಂದೇಶಗಳು ಬರ್ತವೆ. 'ಇಷ್ಟು ಸಂಬಳ ಯಾರಿಗೆ ಬರುತ್ತೆ ಸಾರ್? ನಮ್ಮ ಬೀದಿಯಲ್ಲಿ ಒಬ್ಬರಿಗೂ ಇಲ್ಲವಲ್ಲ!'

ಹಾಗೆ ಕೇಳುವವರು ಲೆಕ್ಕ ಬಾರದವರಲ್ಲ. ಅವರ ಅನುಮಾನ ನೂರಕ್ಕೆ ನೂರು ಸರಿಯಾದ ಅನುಮಾನ. ಅದರ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸ ಇದೆ. ಆ ಕಥೆಯನ್ನು ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ಎರಡು ಸಂಖ್ಯೆಗಳನ್ನು ನೋಡಿ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಅಂತ ಒಂದು ಸರ್ಕಾರಿ ಇಲಾಖೆ ಇದೆ. ನಿವೃತ್ತಿ ವೇತನ ಕೊಡೋದು ಅದರ ಮುಖ್ಯ ಕೆಲಸ. ಪ್ರತಿಯೊಬ್ಬ ಮಾಲೀಕನೂ ತನ್ನ ಪ್ರತಿಯೊಬ್ಬ ನೌಕರನಿಗೆ ವರ್ಷದಲ್ಲಿ ಎಷ್ಟು ಸಂಬಳ ಕೊಟ್ಟೆ ಅಂತ ಡಬ್ಲ್ಯೂ-2 ಎಂಬ ನಮೂನೆಯಲ್ಲಿ ಬರೆದು ಈ ಇಲಾಖೆಗೆ ಕಳಿಸಲೇಬೇಕು. ಹಾಗಾಗಿ ಇದು ಸಾವಿರ ಜನರನ್ನು ಕೇಳಿ ಅಂದಾಜು ಮಾಡಿದ ಸಮೀಕ್ಷೆ ಅಲ್ಲ. ಸುಮಾರು 17 ಕೋಟಿ ಸಂಬಳದಾರರ ದಾಖಲೆ. 2022ರ ದಾಖಲೆ ಪ್ರಕಾರ ಅಮೆರಿಕದ ಸಂಬಳದಾರರ ಸರಾಸರಿ ವಾರ್ಷಿಕ ಸಂಬಳ 61,220 ಡಾಲರ್. ಅದೇ ಇಲಾಖೆ, ಅದೇ ವರ್ಷ, ಅದೇ ಜನ, ಅದೇ ದಾಖಲೆ. ಅದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇದೆ: ಮಧ್ಯಾಂಕ ಸಂಬಳ 40,847 ಡಾಲರ್.

ಇಪ್ಪತ್ತು ಸಾವಿರ ಡಾಲರ್ ವ್ಯತ್ಯಾಸ! ಒಂದು ಚಾನೆಲ್ ಮೊದಲನೆಯದನ್ನು ಓದಬಹುದು, ಇನ್ನೊಂದು ಚಾನೆಲ್ ಎರಡನೆಯದನ್ನು ಓದಬಹುದು. ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ನೋಡುವವನ ತಲೆಯಲ್ಲಿ ಮೂಡುವ ಅಮೆರಿಕದ ಚಿತ್ರ ಮಾತ್ರ ಪೂರ್ತಿ ಬೇರೆ ಬೇರೆ.

ಸರಾಸರಿ ಎಲ್ಲರಿಗೂ ಗೊತ್ತು. ಎಲ್ಲರ ಸಂಬಳ ಕೂಡಿಸಿ, ತಲೆ ಎಣಿಸಿ, ಭಾಗಿಸಿದರೆ ಬರುವುದು ಸರಾಸರಿ. ಮಧ್ಯಾಂಕವನ್ನೂ ನಾವು ಹೈಸ್ಕೂಲಿನಲ್ಲಿ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ ಅಷ್ಟೇ. ಎಲ್ಲರನ್ನೂ ಸಂಬಳದ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ನಿಂತವನ ಸಂಬಳ ಎಷ್ಟೋ ಅದೇ ಮಧ್ಯಾಂಕ. ಅವನಿಗಿಂತ ಕೆಳಗೆ ಅರ್ಧ ಜನ, ಮೇಲೆ ಅರ್ಧ ಜನ. ಕೂಡೋದೂ ಇಲ್ಲ, ಭಾಗಿಸೋದೂ ಇಲ್ಲ.

ಇದನ್ನು ನಮ್ಮ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ತಂದು ನೋಡೋಣ. ಇದು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು ಕಟ್ಟಿದ ಉದಾಹರಣೆ. ಸಂಬಳದ ಪಟ್ಟಿಯಲ್ಲಿ ಒಂಬತ್ತು ಜನ ಇದ್ದಾರೆ. ಇಬ್ಬರು ಹೆಲ್ಪರ್‌ಗಳಿಗೆ ತಿಂಗಳಿಗೆ 12 ಸಾವಿರ ಮತ್ತು 13 ಸಾವಿರ. ಇಬ್ಬರು ಫಿಟ್ಟರ್‌ಗಳಿಗೆ ತಲಾ 14 ಸಾವಿರ. ಲೇತ್ ಆಪರೇಟರ್‌ಗಳು ಇಬ್ಬರು, ಒಬ್ಬನಿಗೆ 15, ಇನ್ನೊಬ್ಬನಿಗೆ 16 ಸಾವಿರ. ವೆಲ್ಡರ್‌ಗೆ 18, ಸೂಪರ್‌ವೈಸರ್‌ಗೆ 28. ಒಂಬತ್ತನೆಯವರು ಮಾಲೀಕರ ಮಗ. ಡೈರೆಕ್ಟರ್ ಅಂತ ಹೆಸರು, ಸಂಬಳ 1 ಲಕ್ಷ 40 ಸಾವಿರ.

ಕೂಡಿಸಿದರೆ 2 ಲಕ್ಷ 70 ಸಾವಿರ. ಒಂಬತ್ತರಿಂದ ಭಾಗಿಸಿದರೆ ಸರಾಸರಿ 30 ಸಾವಿರ. ಸಾಲಾಗಿ ನಿಲ್ಲಿಸಿದರೆ ಐದನೆಯವನು ಲೇತ್ ಆಪರೇಟರ್, ಅಂದ್ರೆ ಮಧ್ಯಾಂಕ 15 ಸಾವಿರ. ಈಗ ಒಂದು ವಿಷಯ ಗಮನಿಸಿ. ಆ ವರ್ಕ್‌ಶಾಪ್‌ನಲ್ಲಿ 30 ಸಾವಿರ ಸಂಬಳ ತಗೊಳ್ಳುವವರು ಒಬ್ಬರೂ ಇಲ್ಲ. ಒಂಬತ್ತರಲ್ಲಿ ಎಂಟು ಜನ ಸರಾಸರಿಗಿಂತ ಕೆಳಗಿದ್ದಾರೆ. ಸೂಪರ್‌ವೈಸರ್ ಕೂಡ ಕೆಳಗೇ ಇದ್ದಾನೆ! 'ಇಲ್ಲಿ ಸರಾಸರಿ ಸಂಬಳ 30 ಸಾವಿರ' ಅಂತ ನಂಬಿ ಕೆಲಸಕ್ಕೆ ಬಂದ ಹುಡುಗನಿಗೆ ಮೊದಲ ತಿಂಗಳೇ ಗೊತ್ತಾಗುತ್ತೆ ಕಥೆ.

ಮುಂದಿನ ವರ್ಷ ಡೈರೆಕ್ಟರ್ ತನ್ನ ಸಂಬಳವನ್ನು 2 ಲಕ್ಷ 30 ಸಾವಿರಕ್ಕೆ ಏರಿಸಿಕೊಂಡರು ಅಂತಿಟ್ಟುಕೊಳ್ಳಿ. ಉಳಿದ ಯಾರಿಗೂ ಒಂದು ರೂಪಾಯಿ ಹೆಚ್ಚಾಗಿಲ್ಲ. ಒಟ್ಟು 3 ಲಕ್ಷ 60 ಸಾವಿರ, ಸರಾಸರಿ 40 ಸಾವಿರ. 'ಒಂದೇ ವರ್ಷದಲ್ಲಿ ಸರಾಸರಿ ಸಂಬಳ 33 ಪರ್ಸೆಂಟ್ ಜಿಗಿತ' ಅಂತ ಸುದ್ದಿ ಮಾಡಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಧ್ಯಾಂಕ ಅಲ್ಲೇ ಇದೆ, 15 ಸಾವಿರದಲ್ಲಿ. ಕಾರಣ ಇಷ್ಟೇ: ಸರಾಸರಿಗೆ ಪ್ರತಿ ರೂಪಾಯಿಯೂ ಲೆಕ್ಕ, ಮಧ್ಯಾಂಕಕ್ಕೆ ಪ್ರತಿ ತಲೆಯೂ ಲೆಕ್ಕ. ಸಾಲಿನ ಕೊನೆಯಲ್ಲಿ ನಿಂತವನು ಎಷ್ಟೇ ಮೇಲೆ ಹೋದರೂ ಸಾಲಿನ ನಡುವೆ ನಿಂತವನು ಬದಲಾಗಲ್ಲ.

ಹಾಗಾದರೆ ಪ್ರಶ್ನೆ ಬರುತ್ತೆ. ಇಷ್ಟು ಸರಳವಾದ ವಿಷಯ ಗೊತ್ತಿದ್ದೂ, ಜಗತ್ತು ಸರಾಸರಿಯನ್ನೇ 'ಸಾಮಾನ್ಯ ಮನುಷ್ಯ'ನ ಅಳತೆ ಅಂತ ಯಾಕೆ ಒಪ್ಪಿಕೊಂಡಿತು?

ಅದಕ್ಕೆ ಬೆಲ್ಜಿಯಂಗೆ ಹೋಗಬೇಕು. ಅಡಾಲ್ಫ್ ಕ್ವೆಟ್ಲೆ ಅಂತ ಒಬ್ಬ ಖಗೋಳ ವಿಜ್ಞಾನಿ. ಆ ಕಾಲದ ಖಗೋಳ ವಿಜ್ಞಾನಿಗಳಿಗೆ ಒಂದು ಅಭ್ಯಾಸ ಇತ್ತು. ಒಂದೇ ನಕ್ಷತ್ರದ ಸ್ಥಾನವನ್ನು ಹಲವು ಬಾರಿ ಅಳೆಯೋರು. ಪ್ರತಿ ಸಲ ಸ್ವಲ್ಪ ಹೆಚ್ಚು ಕಡಿಮೆ ಬರುತ್ತಿತ್ತು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸತ್ಯಕ್ಕೆ ಹತ್ತಿರದ ಉತ್ತರ ಸಿಗುತ್ತಿತ್ತು. ಕ್ವೆಟ್ಲೆ ಈ ಉಪಾಯವನ್ನು ಆಕಾಶದಿಂದ ಇಳಿಸಿ ಮನುಷ್ಯರ ಮೇಲೆ ಪ್ರಯೋಗಿಸಿದ. 1835ರ ತನ್ನ ಪುಸ್ತಕದಲ್ಲಿ 'ಸರಾಸರಿ ಮನುಷ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟ. ಮುಂದೆ 5,738 ಸ್ಕಾಟ್ಲೆಂಡ್ ಸೈನಿಕರ ಎದೆ ಸುತ್ತಳತೆಯ ಪಟ್ಟಿ ಹಿಡಿದು ತನ್ನ ಮಾತಿಗೆ ಆಧಾರ ತೋರಿಸಿದ. ಸರಾಸರಿ ಸುಮಾರು 40 ಇಂಚು. ಹೆಚ್ಚಿನ ಸೈನಿಕರು ಆ ಅಳತೆಯ ಆಸುಪಾಸಿನಲ್ಲೇ ಇದ್ದರು. ಅದಕ್ಕಿಂತ ಹೆಚ್ಚಿನವರು ಎಷ್ಟೋ, ಕಡಿಮೆಯವರು ಸುಮಾರಾಗಿ ಅಷ್ಟೇ.

ಎದೆ ಸುತ್ತಳತೆಗೆ ಈ ಮಾತು ಸರಿ. ಎತ್ತರಕ್ಕೂ ಸರಿ. ಯಾಕೆಂದರೆ ದೇಹಕ್ಕೆ ಒಂದು ಮಿತಿ ಇದೆ. ಐದೂವರೆ ಅಡಿ ಜನರ ನಡುವೆ ಏಳು ಅಡಿಯವನು ಒಬ್ಬ ಬರಬಹುದು, ಐನೂರು ಅಡಿಯವನು ಬರಲ್ಲ. ಎರಡೂ ಕಡೆ ಸಮನಾಗಿ ಹರಡಿಕೊಂಡಿರುವಾಗ ಸರಾಸರಿಯೂ ಮಧ್ಯಾಂಕವೂ ಒಂದೇ ಜಾಗದಲ್ಲಿ ಬಂದು ಕೂರುತ್ತವೆ. ಯಾವುದನ್ನು ಹೇಳಿದರೂ ಸಾಮಾನ್ಯ ಸೈನಿಕನೇ ಸಿಗುತ್ತಾನೆ. ಆದರೆ ಸಂಬಳಕ್ಕೆ ಅಂಥ ಮಿತಿ ಎಲ್ಲಿದೆ? ಕೆಳಗಡೆ ಸೊನ್ನೆ ಎಂಬ ನೆಲ ಇದೆ, ಅದಕ್ಕಿಂತ ಕೆಳಗೆ ಇಳಿಯೋಕೆ ಆಗಲ್ಲ. ಮೇಲೆ ಮಾಡೇ ಇಲ್ಲ. ಸಾಮಾನ್ಯ ಕೆಲಸಗಾರನ ಐನೂರು ಪಟ್ಟು ಸಂಬಳ ತಗೊಳ್ಳೋ ಸಿಇಒ ಇರಬಹುದು, ಇದ್ದಾರೆ ಕೂಡ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಟಲಿ ಮೂಲದ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಹಲವು ದೇಶಗಳ ತೆರಿಗೆ ಲೆಕ್ಕ ಕೂಡಿಹಾಕಿ ತೋರಿಸಿದ್ದು ಇದನ್ನೇ. ಆದಾಯದ ಹಂಚಿಕೆ ಎರಡೂ ಕಡೆ ಸಮನಾಗಿಲ್ಲ, ಮೇಲ್ಗಡೆಗೆ ಉದ್ದನೆಯ ಬಾಲ ಇದೆ. ಆ ಬಾಲ ಸರಾಸರಿಯನ್ನು ಹಿಡಿದು ಮೇಲಕ್ಕೆ ಎಳೆಯುತ್ತೆ. ಎದೆ ಅಳೆಯಲು ಮಾಡಿದ ಪಟ್ಟಿಯಲ್ಲಿ ಜೇಬನ್ನು ಅಳೆದದ್ದು ಗೊಂದಲದ ಮೂಲ.

ಮಧ್ಯಾಂಕದ ಕಥೆ ಅದೇ ಕಾಲದಲ್ಲಿ ಬೇರೆ ದಾರಿಯಲ್ಲಿ ನಡೀತಾ ಇತ್ತು. 1843ರಲ್ಲಿ ಫ್ರಾನ್ಸ್‌ನ ಕೂರ್ನೊ 'ನಡುವಿನ ಬೆಲೆ' ಎಂಬ ಅರ್ಥದ ಫ್ರೆಂಚ್ ಹೆಸರು ಕೊಟ್ಟ. ಇಂಗ್ಲಿಷಿನಲ್ಲಿ 'ಮೀಡಿಯನ್' ಎಂಬ ಪದವನ್ನು ಬಳಕೆಗೆ ತಂದವನು ಫ್ರಾನ್ಸಿಸ್ ಗಾಲ್ಟನ್, 1881ರಲ್ಲಿ. ಈ ಗಾಲ್ಟನ್ 1907ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಗೆ ಒಂದು ಪತ್ರ ಬರೆದ. ಅದರ ತಲೆಬರಹದ ಅರ್ಥ 'ಒಬ್ಬರಿಗೆ ಒಂದೇ ವೋಟು, ಒಂದೇ ಬೆಲೆ'. ಒಂದು ಸಮಿತಿ ಸೇರಿ ಇಂತಿಷ್ಟು ಹಣ ಮಂಜೂರು ಮಾಡಬೇಕು ಅಂತಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ಮೊತ್ತ ಹೇಳ್ತಾರೆ. ಸರಾಸರಿ ತೆಗೆದರೆ ಏನಾಗುತ್ತೆ? ಯಾರು ವಿಪರೀತದ ಮೊತ್ತ ಹೇಳ್ತಾರೋ ಅವರೇ ಫಲಿತಾಂಶವನ್ನು ತಮ್ಮ ಕಡೆಗೆ ಎಳೆದುಕೊಳ್ತಾರೆ. ನಡುವಿನ ಮೊತ್ತ ತಗೊಂಡರೆ ಎಲ್ಲರಿಗೂ ಒಂದೊಂದೇ ವೋಟು. ಅದಕ್ಕಿಂತ ಹೆಚ್ಚು ಅಂದವರು ಅರ್ಧ, ಕಡಿಮೆ ಅಂದವರು ಅರ್ಧ. ಇದು ಗಾಲ್ಟನ್ ವಾದ.

ಮುಂದಿನ ತಿಂಗಳು ಅವನೇ ಒಂದು ಉದಾಹರಣೆ ಪ್ರಕಟಿಸಿದ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದನಗಳ ಜಾತ್ರೆ ನಡೆದಿತ್ತು. ಒಂದು ಎತ್ತನ್ನು ಕಡಿದು ಶುಚಿ ಮಾಡಿದ ಮೇಲೆ ಎಷ್ಟು ತೂಗುತ್ತೆ ಅಂತ ಊಹಿಸುವ ಸ್ಪರ್ಧೆ. ಸರಿಯಾಗಿ ತುಂಬಿದ ಚೀಟಿಗಳು 787. ನಡುವಿನ ಊಹೆ 1,207 ಪೌಂಡ್, ನಿಜವಾದ ತೂಕ 1,198 ಪೌಂಡ್. ಆಮೇಲೆ ಓದುಗನೊಬ್ಬ ಕೇಳಿದ್ದಕ್ಕೆ ಗಾಲ್ಟನ್ ಸರಾಸರಿಯನ್ನೂ ಹೇಳಿದ, ಅದು 1,197. ಅಂದ್ರೆ ಅವತ್ತು ಸರಾಸರಿಯೇ ನಿಜಕ್ಕೆ ಇನ್ನೂ ಹತ್ತಿರ ಇತ್ತು! ಅದರಲ್ಲಿ ಆಶ್ಚರ್ಯ ಇಲ್ಲ. ಎತ್ತಿನ ತೂಕ ಊಹಿಸುವಾಗ ತಪ್ಪು ಎರಡೂ ಕಡೆ ಆಗುತ್ತೆ, ಎರಡು ಅಳತೆಗಳೂ ಅಕ್ಕಪಕ್ಕ ಬರ್ತವೆ. ಸಂಬಳದಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಒಂದೇ ನಿಜವನ್ನು ಊಹಿಸುತ್ತಿಲ್ಲ, ಒಬ್ಬೊಬ್ಬರಿಗೂ ಒಂದೊಂದು ನಿಜ ಇದೆ.

ಇದರಿಂದ 'ಸರಾಸರಿ ಕೆಟ್ಟದ್ದು, ಮಧ್ಯಾಂಕ ಒಳ್ಳೇದು' ಅಂತ ತೀರ್ಪು ಕೊಟ್ಟುಬಿಟ್ಟರೆ ಅದೂ ಅವಸರ ಆಗುತ್ತೆ. ಮತ್ತೆ ಅಮೆರಿಕದ ಆ ಇಲಾಖೆಗೇ ಬರೋಣ. ಅಷ್ಟು ದೊಡ್ಡ ಇಲಾಖೆ ಸರಾಸರಿಯನ್ನು ಯಾಕೆ ಲೆಕ್ಕ ಹಾಕುತ್ತೆ? 1977ರಲ್ಲಿ ಅಲ್ಲಿನ ಸಂಸತ್ತು ನಿವೃತ್ತಿ ವೇತನದ ಕಾನೂನು ತಿದ್ದಿತು. ಮೂವತ್ತು ವರ್ಷದ ಹಿಂದೆ ನೂರು ಡಾಲರ್ ದುಡಿದವನ ದುಡಿಮೆಗೆ ಇವತ್ತಿನ ಲೆಕ್ಕದಲ್ಲಿ ಎಷ್ಟು ಬೆಲೆ ಕೊಡಬೇಕು ಅನ್ನೋದನ್ನು ದೇಶದ ಸರಾಸರಿ ಸಂಬಳ ಎಷ್ಟು ಏರಿದೆ ಎಂಬುದರ ಮೇಲೆ ನಿರ್ಧರಿಸಿ ಅಂತ ಅದು ಹೇಳಿತು. ಅದಕ್ಕೆ ಸರಾಸರಿಯ ಸೂಚ್ಯಂಕ ಬೇಕಾಯಿತು. ಸರಾಸರಿಗೆ ಮಧ್ಯಾಂಕಕ್ಕೆ ಇಲ್ಲದ ಒಂದು ಗುಣ ಇದೆ. ಅದನ್ನು ತಲೆಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ವಾಪಸ್ ಸಿಗುತ್ತೆ. ನಮ್ಮ ವರ್ಕ್‌ಶಾಪ್‌ನಲ್ಲಿ 30 ಸಾವಿರ ಗುಣಿಸು ಒಂಬತ್ತು, 2 ಲಕ್ಷ 70 ಸಾವಿರ. ತಿಂಗಳ ಕೊನೆಗೆ ಬ್ಯಾಂಕಿನಿಂದ ಎಷ್ಟು ತೆಗೀಬೇಕು ಅಂತ ಮಾಲೀಕನಿಗೆ ಗೊತ್ತಾಯಿತು. ಮಧ್ಯಾಂಕವಾದ 15 ಸಾವಿರವನ್ನು ಒಂಬತ್ತರಿಂದ ಗುಣಿಸಿದರೆ 1 ಲಕ್ಷ 35 ಸಾವಿರ. ಅಷ್ಟೇ ಹಿಡಿದುಕೊಂಡು ಬಂದರೆ ಅರ್ಧ ಸಂಬಳಕ್ಕಷ್ಟೇ ದುಡ್ಡು ಸಾಕಾಗುತ್ತೆ. ಹಾಗಾಗಿ ಖಜಾನೆ ನೋಡಿಕೊಳ್ಳುವವರಿಗೆ, ತೆರಿಗೆ ಅಂದಾಜು ಮಾಡುವವರಿಗೆ, ಬಜೆಟ್ ಬರೆಯುವವರಿಗೆ ಸರಾಸರಿಯೇ ಬೇಕು. 'ಒಟ್ಟು ಎಷ್ಟು?' ಎಂಬ ಪ್ರಶ್ನೆಗೆ ಉತ್ತರ ಸರಾಸರಿಯಲ್ಲಿದೆ. 'ಸಾಮಾನ್ಯ ಕೆಲಸಗಾರನಿಗೆ ಎಷ್ಟು?' ಎಂಬ ಪ್ರಶ್ನೆಗೆ ಉತ್ತರ ಮಧ್ಯಾಂಕದಲ್ಲಿದೆ. ಎಡವಟ್ಟು ಆಗೋದು ಮೊದಲ ಪ್ರಶ್ನೆಯ ಉತ್ತರವನ್ನು ಎರಡನೇ ಪ್ರಶ್ನೆಗೆ ಓದಿದಾಗ.

2022ರಲ್ಲಿ ಅಮೆರಿಕದ ಸಂಬಳದಾರರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಜನ ಆ 'ಸರಾಸರಿ' ಸಂಬಳಕ್ಕಿಂತ ಕಡಿಮೆ ದುಡಿಯುತ್ತಿದ್ದರು. ಮೂರರಲ್ಲಿ ಎರಡು ಭಾಗ ಜನ ಮುಟ್ಟದ ಸಂಖ್ಯೆಗೆ 'ಸಾಮಾನ್ಯ' ಅಂತ ಹೆಸರಿಡೋದು ಹೇಗೆ?

ಎರಡೂ ಸಂಖ್ಯೆ ಪಕ್ಕಪಕ್ಕ ಇದ್ದಾಗ ಇನ್ನೊಂದು ಲಾಭ ಇದೆ. ಅವುಗಳ ನಡುವಿನ ಅಂತರವೇ ಒಂದು ಸುದ್ದಿ. ಇದೇ ಇಲಾಖೆಯ 1990ರ ಲೆಕ್ಕ ನೋಡಿ. ಸರಾಸರಿ 20,172 ಡಾಲರ್, ಮಧ್ಯಾಂಕ 14,499 ಡಾಲರ್. ಅಂದ್ರೆ ಸರಾಸರಿಯನ್ನು 100 ಅಂತ ಹಿಡಿದರೆ ಮಧ್ಯಾಂಕ 72. 2022ಕ್ಕೆ ಬಂದಾಗ ಅದು 67. ಈ ಮೂವತ್ತೆರಡು ವರ್ಷದಲ್ಲಿ ಸರಾಸರಿ ಮೂರು ಪಟ್ಟಿಗಿಂತ ತುಸು ಹೆಚ್ಚಾಯಿತು, ಮಧ್ಯಾಂಕ ಮೂರು ಪಟ್ಟು ಮುಟ್ಟಲಿಲ್ಲ. ಬೆಲೆ ಏರಿಕೆ ಇಬ್ಬರಿಗೂ ಒಂದೇ, ಹಾಗಾಗಿ ಅದರ ನೆಪ ಇಲ್ಲಿ ನಡೆಯಲ್ಲ. ಸಾಲಿನ ಮೇಲ್ತುದಿಯಲ್ಲಿ ನಿಂತವರ ಸಂಬಳ ನಡುವೆ ನಿಂತವನ ಸಂಬಳಕ್ಕಿಂತ ಜೋರಾಗಿ ಏರಿತು, ಅದಕ್ಕೇ ಅಂತರ ಹಿಗ್ಗಿತು. ಬರೀ ಸರಾಸರಿ ಓದಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ಮಧ್ಯಾಂಕವನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಅದಕ್ಕೂ ಎರಡು ದೌರ್ಬಲ್ಯ ಇದೆ.

ಮೊದಲನೆಯದು, ಸಾಲಿನಲ್ಲಿ ಯಾರನ್ನು ನಿಲ್ಲಿಸಿದಿರಿ ಎಂಬುದು. 40,847 ಡಾಲರ್ ಅಂದ ಲೆಕ್ಕದಲ್ಲಿ ಆ ವರ್ಷ ಒಂದು ದಿನ ಸಂಬಳ ತಗೊಂಡವನೂ ಇದ್ದಾನೆ. ರಜೆಯಲ್ಲಿ ಎರಡು ತಿಂಗಳು ಹೋಟೆಲಿನಲ್ಲಿ ದುಡಿದ ಕಾಲೇಜು ಹುಡುಗಿಯೂ ಇದ್ದಾಳೆ, ಅರ್ಧ ದಿನದ ಕೆಲಸದವರೂ ಇದ್ದಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಬೇರೆ ಸಾಲು ನಿಲ್ಲಿಸುತ್ತೆ. ಅದು ಮನೆಮನೆ ಸಮೀಕ್ಷೆ, ಅದರಲ್ಲಿ ಪೂರ್ಣಾವಧಿ ಕೆಲಸಗಾರರ ವಾರದ ಸಂಬಳವನ್ನು ಬೇರೆಯಾಗಿ ತೆಗೀತಾರೆ. ಅದೇ 2022ರಲ್ಲಿ ಅವರ ಮಧ್ಯಾಂಕ ವಾರಕ್ಕೆ 1,059 ಡಾಲರ್. ವರ್ಷದ 52 ವಾರಕ್ಕೆ ಗುಣಿಸಿದರೆ ಸುಮಾರು 55 ಸಾವಿರ. ಎರಡೂ ಮಧ್ಯಾಂಕವೇ, ಎರಡೂ ಸರ್ಕಾರದ್ದೇ, ಆದರೂ 14 ಸಾವಿರ ಡಾಲರ್ ವ್ಯತ್ಯಾಸ. ಹಾಗಾಗಿ ಮಧ್ಯಾಂಕ ಅಂತ ಕೇಳಿದ ತಕ್ಷಣ ಯಾರ ಮಧ್ಯಾಂಕ ಅಂತಲೂ ಕೇಳಬೇಕು.

ಎರಡನೆಯದು ಇನ್ನೂ ಮೋಸದ್ದು. ಸಾಲಿನಿಂದ ಜನ ಹೊರಗೆ ಬಿದ್ದರೂ ಮಧ್ಯಾಂಕ ಏರುತ್ತೆ. ನಮ್ಮ ವರ್ಕ್‌ಶಾಪ್‌ಗೆ ಬನ್ನಿ. ಡೈರೆಕ್ಟರ್ ಸಂಬಳ ಮೊದಲಿನಂತೆ 1 ಲಕ್ಷ 40 ಸಾವಿರವೇ ಇರಲಿ. ಆರ್ಡರ್ ಇಲ್ಲ ಅಂತ ಇಬ್ಬರು ಹೆಲ್ಪರ್‌ಗಳನ್ನೂ ಒಬ್ಬ ಫಿಟ್ಟರ್‌ನನ್ನೂ ಮನೆಗೆ ಕಳಿಸಿದರು. ಉಳಿದವರು ಆರು ಜನ: 14, 15, 16, 18, 28 ಸಾವಿರ, ಮತ್ತು ಡೈರೆಕ್ಟರ್. ಆರು ಜನ ಇದ್ದಾಗ ನಡುವೆ ಇಬ್ಬರು ನಿಲ್ತಾರೆ, 16 ಮತ್ತು 18. ಅವರಿಬ್ಬರ ನಡುವಿನದು 17 ಸಾವಿರ. ಮಧ್ಯಾಂಕ 15ರಿಂದ 17 ಸಾವಿರಕ್ಕೆ ಏರಿತು! ಸರಾಸರಿಯೂ 30 ಸಾವಿರದಿಂದ 38,500ಕ್ಕೆ ಹೋಯಿತು. ಒಬ್ಬರಿಗೂ ಸಂಬಳ ಹೆಚ್ಚಾಗಿಲ್ಲ, ಮೂರು ಮನೆಯಲ್ಲಿ ಸಂಬಳ ನಿಂತಿದೆ. ಪಟ್ಟಿಯಲ್ಲಿ ಮಾತ್ರ ಪ್ರಗತಿ.

ಇದು ಬರೀ ಲೆಕ್ಕದ ಚಮತ್ಕಾರ ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳು ನೆನಪಿಸಿಕೊಳ್ಳಿ, ಕೋವಿಡ್ ಲಾಕ್‌ಡೌನ್. ಅಮೆರಿಕದಲ್ಲಿ ಕೋಟಿಗಟ್ಟಲೆ ಜನರ ಕೆಲಸ ಹೋಗಿತ್ತು. ಅದೇ ಮೂರು ತಿಂಗಳಲ್ಲಿ ಪೂರ್ಣಾವಧಿ ಕೆಲಸಗಾರರ ಮಧ್ಯಾಂಕ ವಾರದ ಸಂಬಳ 1,002 ಡಾಲರ್‌ಗೆ ಮುಟ್ಟಿತು. ಹಿಂದಿನ ವರ್ಷಕ್ಕಿಂತ ಶೇಕಡಾ 10.4 ಹೆಚ್ಚಳ! ಹೋಟೆಲ್, ಅಂಗಡಿ, ಸಾರಿಗೆಯಲ್ಲಿ ದುಡಿಯುತ್ತಿದ್ದ ಕಡಿಮೆ ಸಂಬಳದವರು ಸಾಲಿನಿಂದ ಆಚೆ ಬಿದ್ದಿದ್ದರು, ಲ್ಯಾಪ್‌ಟಾಪ್ ಹಿಡಿದು ಮನೆಯಿಂದ ಕೆಲಸ ಮಾಡುವವರು ಸಾಲಿನಲ್ಲಿ ಉಳಿದಿದ್ದರು. ಸಂಬಳ ಏರಿತು ಎಂಬ ಸುದ್ದಿ ಬಂದ ದಿನ ತಲೆಗಳ ಸಂಖ್ಯೆ ಎಷ್ಟಾಯಿತು ಅಂತ ಪಕ್ಕದಲ್ಲೇ ನೋಡದಿದ್ದರೆ ದುರಂತವನ್ನೇ ಹಬ್ಬ ಅಂತ ಓದಿಬಿಡ್ತೀವಿ.

ಈಗ ನಮ್ಮ ದೇಶಕ್ಕೆ ಬರೋಣ. ಸರಾಸರಿಯ ಒಳಗೆ ಬಡವ ಹೇಗೆ ಕಾಣೆಯಾಗ್ತಾನೆ ಅನ್ನೋದನ್ನು ಇಲ್ಲಿ ಒಬ್ಬರು ಗಾಲ್ಟನ್‌ನ ಪತ್ರಕ್ಕೆ ಮೂವತ್ತು ವರ್ಷ ಮೊದಲೇ ಹೇಳಿದ್ದರು. ಅವರು ದಾದಾಭಾಯಿ ನವರೋಜಿ. 1876ರಲ್ಲಿ ಬಾಂಬೆಯಲ್ಲಿ ಅವರು ಭಾರತದ ಬಡತನದ ಬಗ್ಗೆ ಒಂದು ಪ್ರಬಂಧ ಓದಿದರು. ಬೆಳೆ, ಕೈಗಾರಿಕೆ, ಗಣಿ ಎಲ್ಲದರ ಉತ್ಪತ್ತಿ ಕೂಡಿಸಿ, ಬ್ರಿಟಿಷ್ ಆಡಳಿತದ ಭಾರತದ ಸುಮಾರು 17 ಕೋಟಿ ಜನರಿಂದ ಭಾಗಿಸಿದರು. ತಲೆಗೆ ವರ್ಷಕ್ಕೆ 20 ರೂಪಾಯಿ ಬಂತು. ಕೈದಿಯೊಬ್ಬನ ಊಟ ಬಟ್ಟೆಗೆ ಸರ್ಕಾರ ಜೈಲಿನಲ್ಲಿ ಮಾಡುವ ಖರ್ಚಿನ ಜೊತೆ ಅದನ್ನು ಹೋಲಿಸಿ ತೋರಿಸಿದರು. ಇಷ್ಟು ನಮ್ಮ ಪಠ್ಯಪುಸ್ತಕದಲ್ಲೂ ಬರುತ್ತೆ. ಆದರೆ ನವರೋಜಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ 20 ರೂಪಾಯಿ ಎಲ್ಲರಿಗೂ ಸಿಗುತ್ತೆ ಅಂದುಕೊಳ್ಳಬೇಡಿ, ಮೇಲಿನ ವರ್ಗದವರು ಹೆಚ್ಚಿನ ಪಾಲು ತಗೊಳ್ತಾರೆ, ಆದ್ದರಿಂದ ಕೂಲಿಕಾರನ ಕೈಗೆ ಬರೋದು 20ಕ್ಕಿಂತಲೂ ಕಡಿಮೆ ಅಂತ ವಾದಿಸಿದರು. ಮಧ್ಯಾಂಕ ಲೆಕ್ಕ ಹಾಕಲು ಬೇಕಾದ ಮನೆಮನೆಯ ಮಾಹಿತಿ ಅವರ ಕೈಯಲ್ಲಿ ಇರಲಿಲ್ಲ. ತಾನೇ ಲೆಕ್ಕ ಹಾಕಿದ ಸರಾಸರಿಯ ಮಿತಿಯನ್ನು ತಾನೇ ಹೇಳಿದ್ದು ಅವರ ದೊಡ್ಡತನ.

ಇವತ್ತು ಬಜೆಟ್ ಸಮಯದಲ್ಲಿ ನಾವು ಓದುವ 'ತಲಾ ಆದಾಯ' ನವರೋಜಿಯವರು ಮಾಡಿದ ಆ ಭಾಗಾಕಾರದ ವಂಶದ್ದೇ. ರಾಜ್ಯದ ಒಟ್ಟು ಉತ್ಪನ್ನವನ್ನು ಕೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲ ತಲೆಗಳಿಂದ ಭಾಗಿಸಿದ್ದು ಅದು. ಅದು ಯಾರ ಸಂಬಳವೂ ಅಲ್ಲ. ಕರ್ನಾಟಕದ ತಲಾ ಆದಾಯವನ್ನು ಬೆಂಗಳೂರು ನಗರ ಜಿಲ್ಲೆ ಮೇಲೆ ಎಳೆಯುತ್ತೆ. ಕಲಬುರಗಿಯಲ್ಲಿ ಕೂತು ಟಿವಿ ನೋಡುವವರಿಗೆ ಆ ಸಂಖ್ಯೆ ಬೇರೆ ಯಾವುದೋ ರಾಜ್ಯದ್ದು ಅನ್ನಿಸಿದರೆ ಅದರಲ್ಲಿ ತಪ್ಪಿಲ್ಲ. ಇನ್ನು ಸಂಬಳದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಸಮೀಕ್ಷೆಯ ವರದಿಗಳು ತಿಂಗಳ ಸಂಬಳದವರ ಗಳಿಕೆಯನ್ನು ಸರಾಸರಿಯಲ್ಲೇ ಕೊಡುತ್ತವೆ. ಮಧ್ಯಾಂಕ ಬೇಕು ಅಂದರೆ ಸಮೀಕ್ಷೆಯ ಮೂಲ ದತ್ತಾಂಶ ತಗೊಂಡು ನಾವೇ ಲೆಕ್ಕ ಹಾಕಬೇಕು. ಸಂಜೆ ಐದಕ್ಕೆ ವರದಿ ಬಂದು ಆರಕ್ಕೆ ಸುದ್ದಿ ಓದುವ ಕಡೆ ಅಷ್ಟು ಪುರುಸೊತ್ತು ಯಾರಿಗಿರುತ್ತೆ? ಹಾಗಾಗಿ ಪರದೆ ಮೇಲೆ ಬರೋದು ಸರಾಸರಿಯೇ.

ಆದರೆ ಒಂದು ಕಡೆ ನಮ್ಮ ಕಾನೂನು ಮಧ್ಯಾಂಕವನ್ನೇ ಆರಿಸಿಕೊಂಡಿದೆ. 2013ರ ಕಂಪನಿ ಕಾಯ್ದೆಯ 197ನೇ ಕಲಂ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ವಾರ್ಷಿಕ ವರದಿಯಲ್ಲಿ ಒಂದು ಲೆಕ್ಕ ಕೊಡಬೇಕು. ಪ್ರತಿ ನಿರ್ದೇಶಕನ ಸಂಬಳ, ನೌಕರರ ಮಧ್ಯಾಂಕ ಸಂಬಳದ ಎಷ್ಟು ಪಟ್ಟು ಎಂಬುದು ಆ ಲೆಕ್ಕ. 2014ರ ನಿಯಮಗಳಲ್ಲಿ ಮಧ್ಯಾಂಕ ಅಂದರೆ ಏನು ಅಂತ ಬಿಡಿಸಿ ಬರೆದಿದ್ದಾರೆ: ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ, ಸಮಸಂಖ್ಯೆ ಇದ್ದರೆ ನಡುವಿನ ಎರಡರ ಸರಾಸರಿ. ಹೈಸ್ಕೂಲಿನ ಪಾಠವೇ ಕಾನೂನಾಗಿ ಬಂದಿದೆ ನೋಡಿ. ಅಮೆರಿಕ ಇಂಥದ್ದೇ ಕಾನೂನನ್ನು 2010ರಲ್ಲೇ ಮಾಡಿತ್ತು, ಆದರೆ ಅಲ್ಲಿನ ಕಂಪನಿಗಳು ಲೆಕ್ಕ ಬಿಚ್ಚಿಡಲು ಶುರು ಮಾಡಿದ್ದು 2018ರಲ್ಲಿ. ಈ ವಿಷಯದಲ್ಲಿ ನಾವು ಮುಂದೆ.

ಮಧ್ಯಾಂಕವೇ ಯಾಕೆ? ಸರಾಸರಿ ಇಟ್ಟಿದ್ದರೆ ಮೇಲಿನ ಹತ್ತಾರು ಅಧಿಕಾರಿಗಳ ಕೋಟಿಗಟ್ಟಲೆ ಸಂಬಳವೇ 'ನೌಕರರ ಸಂಬಳ'ವನ್ನು ಎತ್ತಿ ತೋರಿಸಿ ಅಂತರವನ್ನು ಮರೆಮಾಚುತ್ತಿತ್ತು. ವರ್ಕ್‌ಶಾಪ್ ಲೆಕ್ಕ ಮತ್ತೆ ನೋಡಿ. ಡೈರೆಕ್ಟರ್‌ನ 1 ಲಕ್ಷ 40 ಸಾವಿರವನ್ನು ಸರಾಸರಿಯ 30 ಸಾವಿರಕ್ಕೆ ಹೋಲಿಸಿದರೆ ಐದು ಪಟ್ಟೂ ಇಲ್ಲ. ಮಧ್ಯಾಂಕದ 15 ಸಾವಿರಕ್ಕೆ ಹೋಲಿಸಿದರೆ ಒಂಬತ್ತು ಪಟ್ಟಿಗೂ ಮೇಲೆ. ತಾನೂ ಸೇರಿರುವ ಸರಾಸರಿಯ ಜೊತೆ ತನ್ನನ್ನೇ ಹೋಲಿಸಿಕೊಂಡರೆ ಯಾರಾದರೂ ಕುಳ್ಳಗೆ ಕಾಣ್ತಾರೆ.

ಆ ಕಾನೂನಿನ ಲೆಕ್ಕ ಓದುವಾಗಲೂ ಸಾಲಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಬಿಡಬೇಡಿ. ಅಲ್ಲಿ ನಿಲ್ಲಿಸೋದು ಕಂಪನಿಯ ನೌಕರರನ್ನು. ಅದೇ ಕ್ಯಾಂಪಸ್ಸಿನ ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಸೆಕ್ಯುರಿಟಿಯವರು, ಬೆಳಗ್ಗೆ ಏಳಕ್ಕೆ ಬಂದು ಕಸ ಗುಡಿಸುವ ಹೆಂಗಸರು, ಕ್ಯಾಂಟೀನ್‌ನಲ್ಲಿ ತಟ್ಟೆ ತೊಳೆಯುವ ಹುಡುಗ, ನೌಕರರನ್ನು ಕರೆತರುವ ಕ್ಯಾಬ್ ಡ್ರೈವರ್, ಇವರು ಸಾಮಾನ್ಯವಾಗಿ ಗುತ್ತಿಗೆದಾರನ ಪಟ್ಟಿಯಲ್ಲಿರ್ತಾರೆ, ಕಂಪನಿಯ ಪಟ್ಟಿಯಲ್ಲಿ ಅಲ್ಲ. ಅವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರೆ ನಡುವಿನ ಜಾಗ ಕೆಳಗೆ ಸರಿಯುತ್ತೆ, ಮಧ್ಯಾಂಕ ಇಳಿಯುತ್ತೆ, ಪಟ್ಟು ಏರುತ್ತೆ. ಹೊರಗಿಟ್ಟಿರುವ ತನಕ ಅವರು ಕಂಪನಿಯ ಸರಾಸರಿಯಲ್ಲೂ ಇಲ್ಲ, ಮಧ್ಯಾಂಕದಲ್ಲೂ ಇಲ್ಲ.